ಎದುರು ಮೈಯಿಂದ ಅಳೆದ ಕೀವೇ: ಅಳತೆ ಸರಿಯಿತ್ತು, ಲೆಕ್ಕ ತಪ್ಪಿತು

ಮಂಡ್ಯ ಸೀಮೆಯ ಆಲೆಮನೆಗಳಿಗೆ ಕಬ್ಬಿನ ಗಾಣ ಕಟ್ಟಿಕೊಡುವ ಗಿರಾಕಿಯೊಬ್ಬರಿಂದ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಜಾಬ್ ವರ್ಕ್ ಶಾಪಿಗೆ 12 ಶಾಫ್ಟ್‌ಗಳ ಕೆಲಸ ಬಂದಿತ್ತು. ಗಾಣದ ಗೇರ್ ಬಾಕ್ಸಿನಲ್ಲಿ ನಡುವೆ ನಿಲ್ಲುವ ಶಾಫ್ಟ್ ಅದು. ಅದರ ಮೇಲೆ ಒಂದು ಗೇರ್ ಕೂರುತ್ತದೆ, ಗೇರನ್ನು ತಿರುಗಿಸಲು ಎರಡರ ನಡುವೆ ಕೂರಿಸುವ ಲೋಹದ ತುಂಡು, ಅಂದರೆ ಒಂದು ಕೀ. ಗೇರ್ ಕೂರುವ ಜಾಗದ ಉದ್ದ 90 ಮಿ.ಮೀ., ವ್ಯಾಸ 45 ಮಿ.ಮೀ., ಫಿಟ್ ಕೆ6. ಅಂದರೆ ಗ್ರೈಂಡಿಂಗ್ ಮುಗಿದ ಮೇಲೆ ವ್ಯಾಸ 45.002ರಿಂದ 45.018ರ ಒಳಗಿರಬೇಕು. ಆ ಜಾಗದ ನಡುವೆ 14 ಮಿ.ಮೀ. ಅಗಲ, 70 ಮಿ.ಮೀ. ಉದ್ದದ ಕೀವೇ, ಅಂದರೆ ಕೀ ಕೂರುವ ತೋಡು. ಅದರ ಎರಡು ತುದಿಯೂ ಮುಚ್ಚಿವೆ, ಆಚೀಚೆ 10 ಮಿ.ಮೀ. ದುಂಡು ಮೈ ಹಾಗೇ ಉಳಿದಿರುತ್ತದೆ. ಈ 10 ಮಿ.ಮೀ. ಮುಂದೆ ಉಪಯೋಗಕ್ಕೆ ಬರುತ್ತದೆ.

ಡ್ರಾಯಿಂಗಿನಲ್ಲಿ ಕೀವೇಯ ಆಳ 5.5, ಮೇಲಕ್ಕೆ 0.2, ಕೆಳಕ್ಕೆ ಸೊನ್ನೆ ಎಂದಿತ್ತು. ಇದು ಕೀಗಳ ಭಾರತೀಯ ಮಾನಕ ಐಎಸ್ 2048ರ ಕೋಷ್ಟಕದ ಅಳತೆಯೇ. 44 ಮೀರಿ 50ರವರೆಗಿನ ಶಾಫ್ಟಿಗೆ 14 ಅಗಲ, 9 ಎತ್ತರದ ಕೀ. ಶಾಫ್ಟಿನಲ್ಲಿ ಆಳ 5.5, ಗೇರಿನ ನಡುವೆ ಶಾಫ್ಟ್ ತೂರುವ ಭಾಗವಾದ ಹಬ್ಬಿನಲ್ಲಿ 3.8, ಎರಡಕ್ಕೂ ಟಾಲರೆನ್ಸ್ ಮೇಲಕ್ಕೆ 0.2.

ಕೆಲಸದ ಕ್ರಮ ಹೀಗಿತ್ತು: ಲೇತಿನಲ್ಲಿ 45.4ಕ್ಕೆ ಟರ್ನಿಂಗ್, ವರ್ಟಿಕಲ್ ಮಿಲ್ಲಿಂಗಿನಲ್ಲಿ ಕೀವೇ, ಆಮೇಲೆ ಹಾರ್ಡನಿಂಗ್ ಮತ್ತು ಟೆಂಪರಿಂಗ್, ಕೊನೆಗೆ ಸೆಂಟರ್‌ಗಳ ನಡುವೆ ಹಿಡಿದು ಗ್ರೈಂಡಿಂಗ್. ಗಟ್ಟಿಯಾದ ಮೇಲೆ ಕೀವೇ ಹೊಡೆದರೆ ಕಟರ್ ಬೇಗ ಸಾಯುತ್ತದೆ, ಅದಕ್ಕೇ ಮೊದಲೇ ಹೊಡೆಯುವುದು. ಈ ಕ್ರಮ ಸರಿಯೇ. ಆದರೆ ಕೀವೇ ಹೊಡೆಯುವ ಹೊತ್ತಿಗೆ ಶಾಫ್ಟಿನ ವ್ಯಾಸ ಡ್ರಾಯಿಂಗಿನಲ್ಲಿರುವ ವ್ಯಾಸವಲ್ಲ. ಈ ಪ್ರಕರಣದ ಗೊಂದಲವೆಲ್ಲ ಅಲ್ಲಿಂದ ಹುಟ್ಟಿದ್ದು.

ಅಡ್ಡ ಅಳತೆ ಏಕೆ ಬೇಕು

ಡ್ರಾಯಿಂಗಿನಲ್ಲಿ ಬರೆದ 5.5 ಶಾಫ್ಟಿನ ನೆತ್ತಿಯಿಂದ ಕೀವೇಯ ತಳದವರೆಗಿನ ದೂರ. ಆದರೆ ಕೀವೇ ಹೊಡೆದ ಜಾಗದಲ್ಲಿ ಆ ನೆತ್ತಿಯೇ ಇರುವುದಿಲ್ಲ, ಅದನ್ನು ಕಟರ್ ಕಡಿದುಹಾಕಿರುತ್ತದೆ. ಉಳಿಯುವುದು ಎರಡು ಅಂಚು ಮಾತ್ರ, ಅವು ನೆತ್ತಿಗಿಂತ ಕೆಳಗಿರುತ್ತವೆ. 45 ವ್ಯಾಸದ ಶಾಫ್ಟಿನಲ್ಲಿ 14 ಅಗಲದ ಕೀವೇಗೆ ಅಂಚು ನೆತ್ತಿಗಿಂತ 1.12 ಮಿ.ಮೀ. ಕೆಳಗೆ ಬರುತ್ತದೆ. ಅರ್ಧ ವ್ಯಾಸ 22.5ರ ವರ್ಗದಿಂದ ಅರ್ಧ ಅಗಲ 7ರ ವರ್ಗ ಕಳೆದು ವರ್ಗಮೂಲ ತೆಗೆದರೆ 21.38, ಅದನ್ನು 22.5ರಿಂದ ಕಳೆದರೆ ಈ ಸಂಖ್ಯೆ ಸಿಗುತ್ತದೆ. ಹಾಗಾಗಿ ಡೆಪ್ತ್ ಗೇಜನ್ನು ಅಂಚುಗಳ ಮೇಲೆ ಕೂರಿಸಿ ಅಳೆದರೆ 5.5 ಆಳದ ಕೀವೇ 4.38 ಎಂದು ತೋರಿಸುತ್ತದೆ.

ಆ 1.12 ಕೂಡಿಸಿಕೊಂಡರೆ ಆಯಿತಲ್ಲ ಎನ್ನಬಹುದು. ಕಾಗದದ ಮೇಲೆ ಆಗುತ್ತದೆ, ಶಾಪಿನಲ್ಲಿ ಅಷ್ಟು ನಂಬಿಕೆಗೆ ಬಾರದು. ಮಿಲ್ಲಿಂಗ್ ಆದ ಕೂಡಲೇ ಅಂಚಿನಲ್ಲಿ ಬರ್ ಎಂಬ ಚೂಪು ಲೋಹದ ಸಿಬಿರು ಏಳುತ್ತದೆ, ಅದರ ಮೇಲೆ ಗೇಜ್ ಕೂತರೆ ಆಳ ಹೆಚ್ಚು ತೋರುತ್ತದೆ. ಬರ್ ತೆಗೆಯಲು ಫೈಲ್ ಆಡಿಸಿದರೆ ಅಂಚು ಹಿಂದಕ್ಕೆ ಸರಿಯುತ್ತದೆ. ಎರಡೂ ಕಡೆ 0.2 ಮಿ.ಮೀ. ಮಾತ್ರ ಸರಿದರೂ ಗೇಜ್ ಕೂರುವ ಜಾಗ ಸುಮಾರು 0.07 ಕೆಳಗಿಳಿಯುತ್ತದೆ, ಆಳ ಅಷ್ಟು ಕಡಿಮೆ ತೋರುತ್ತದೆ. ನಮಗಿರುವ ಟಾಲರೆನ್ಸೇ 0.2, ಅದರ ಮೂರನೇ ಒಂದು ಪಾಲು ಒಂದೇ ಫೈಲಿನ ಎಳೆತದಲ್ಲಿ ಹೋಯಿತು.

ಅದಕ್ಕೇ ತಿಳಿದವರು ಕೀವೇಯ ತಳದಿಂದ ಅದರ ನೇರ ಎದುರಿಗಿರುವ ದುಂಡು ಮೈಯವರೆಗೆ ಮೈಕ್ರೋಮೀಟರಿನಿಂದ ಅಳೆಯುತ್ತಾರೆ. ಇದನ್ನು ಇಲ್ಲಿ ಅಡ್ಡ ಅಳತೆ ಎನ್ನೋಣ. ಒಂದು ಕಡೆ ಚಪ್ಪಟೆ ತಳ, ಇನ್ನೊಂದು ಕಡೆ ಮುಟ್ಟದ ದುಂಡು ಮೈ. ಅಂಚಿನ ಬರ್ ಈ ಅಳತೆಯ ದಾರಿಗೆ ಬರುವುದೇ ಇಲ್ಲ. ಪರಿವರ್ತನೆ ಒಂದೇ ಸಾಲು:

```
ಆಳ = ವ್ಯಾಸ − ಅಡ್ಡ ಅಳತೆ
```

ಕೆಲವು ಡ್ರಾಯಿಂಗ್‌ಗಳಲ್ಲಿ ಆಳದ ಬದಲು ಅಡ್ಡ ಅಳತೆಯನ್ನೇ ಕೊಟ್ಟಿರುತ್ತಾರೆ. ಈ ಶಾಫ್ಟಿಗಾದರೆ ಅದು 39.5 ಆಗುತ್ತಿತ್ತು. ಆಗ ಟಾಲರೆನ್ಸಿನ ದಿಕ್ಕು ತಿರುಗುತ್ತದೆ ಎಂಬುದನ್ನು ಮರೆಯಬಾರದು. ಆಳ ಹೆಚ್ಚಾದಂತೆ ಅಡ್ಡ ಅಳತೆ ಕಡಿಮೆಯಾಗುತ್ತದೆ, ಆದ್ದರಿಂದ ಆಳಕ್ಕೆ ಮೇಲಕ್ಕೆ 0.2 ಇದ್ದದ್ದು ಅಡ್ಡ ಅಳತೆಗೆ ಕೆಳಕ್ಕೆ 0.2 ಆಗುತ್ತದೆ: 39.3ರಿಂದ 39.5. ಇದನ್ನು 39.5ರಿಂದ 39.7 ಎಂದು ಬರೆದುಕೊಂಡ ಚೀಟಿಗಳು ಶಾಪುಗಳಲ್ಲಿ ಆಗಾಗ ಕಾಣಸಿಗುತ್ತವೆ, ಅದನ್ನು ನಂಬಿದರೆ ಕೀವೇ ಪೂರ್ತಿ ಮೇಲೇ ನಿಂತುಬಿಡುತ್ತದೆ.

ಮಿಲ್ಲಿಂಗಿನ ಹತ್ತಿರ ಆದದ್ದು

ಮೊದಲ ಶಾಫ್ಟಿನ ಟರ್ನಿಂಗ್ ವ್ಯಾಸ 45.42 ಬಂದಿತ್ತು. ಮಿಲ್ಲಿಂಗ್ ಆಪರೇಟರ್ 14ರ ಸ್ಲಾಟ್ ಡ್ರಿಲ್ಲನ್ನು ಶಾಫ್ಟಿನ ನೆತ್ತಿಗೆ ತಾಗಿಸಿ ಸೊನ್ನೆ ಮಾಡಿಕೊಂಡು, ಹಂತ ಹಂತವಾಗಿ 5.80 ಇಳಿಸಿದ್ದರು. ಗ್ರೈಂಡಿಂಗಿನಲ್ಲಿ ನೆತ್ತಿಯಿಂದ 0.2 ಹೋಗುತ್ತದೆ, ಕೊನೆಗೆ 5.6 ಉಳಿಯಬೇಕು ಎಂಬುದು ಅವರ ಲೆಕ್ಕ. ಟಾಲರೆನ್ಸಿನ ನಟ್ಟನಡು. ಆದರೆ ಆ ಲೆಕ್ಕ ಅವರ ತಲೆಯಲ್ಲಿತ್ತು, ಕೆಲಸದ ಹಂತಗಳನ್ನು ಬರೆದ ರೂಟ್ ಕಾರ್ಡಿನಲ್ಲಿ ಇರಲಿಲ್ಲ. ಅಲ್ಲಿ ಡ್ರಾಯಿಂಗಿನಿಂದ ಎತ್ತಿ ಬರೆದ 5.5 ಮಾತ್ರ ಇತ್ತು.

ಇನ್‌ಸ್ಪೆಕ್ಟರ್ ಬಂದು ಅಡ್ಡ ಅಳತೆ ತೆಗೆದರು: 39.62. ಅಳತೆ ಸರಿಯಾಗಿಯೇ ಇತ್ತು, 45.42ರಿಂದ 5.80 ಕಳೆದರೆ ಅದೇ ಬರಬೇಕು. ಅವರು ಕಳೆದದ್ದು ಡ್ರಾಯಿಂಗಿನ ವ್ಯಾಸದಿಂದ: 45ರಿಂದ 39.62 ಹೋದರೆ 5.38. ಬೇಕಾದದ್ದು ಕನಿಷ್ಠ 5.50. ಆಳ 0.12 ಕಡಿಮೆ ಎಂದು ಬರೆದು ಶಾಫ್ಟನ್ನು ಹಿಂದಕ್ಕೆ ಕೊಟ್ಟರು.

"ಸಾರ್, ಇದಿನ್ನೂ ಗ್ರೈಂಡಿಂಗ್‌ಗೆ ಹೋಗ್ಬೇಕು" ಎಂದು ಆಪರೇಟರ್ ಹೇಳಿದರು. "ಅದು ಗೊತ್ತಪ್ಪ, ಗ್ರೈಂಡಿಂಗ್ ಆದ್ರೆ ಆಳ ಇನ್ನೂ ಕಮ್ಮಿ ಆಗುತ್ತೆ ತಾನೆ, ಈಗ್ಲೇ 5.38 ಇದೆ" ಎಂದು ಉತ್ತರ ಬಂತು. ಈ ಉತ್ತರದಲ್ಲಿ ಅರ್ಧ ಸತ್ಯವಿದೆ, ಅದರಿಂದಲೇ ಎದುರು ಮಾತು ನಿಂತುಹೋಯಿತು. ಗ್ರೈಂಡಿಂಗಿನಲ್ಲಿ ಆಳ ಕಡಿಮೆಯಾಗುವುದು ನಿಜ. ಆದರೆ 5.38 ಎಂಬುದು ಆಗಿನ ಆಳವಲ್ಲ, ಮುಗಿದ ಮೇಲಿನ ಆಳವೂ ಅಲ್ಲ. ಯಾವ ಹಂತದಲ್ಲೂ ಆ ಶಾಫ್ಟಿಗೆ 5.38 ಆಳ ಇರುವುದಿಲ್ಲ.

ಆಪರೇಟರ್ ಇನ್ನೂ 0.20 ಇಳಿಸಿದರು. ಅಡ್ಡ ಅಳತೆ 39.42 ಆಯಿತು, ತಪ್ಪು ಲೆಕ್ಕದಲ್ಲಿ ಆಳ 5.58. ಪಾಸ್. ಉಳಿದ 11 ಶಾಫ್ಟ್‌ಗಳನ್ನೂ ಇದೇ ಸೆಟ್ಟಿಂಗಿನಲ್ಲಿ ಹೊಡೆದು ಹಾರ್ಡನಿಂಗಿಗೆ ಕಳಿಸಿದರು. ಗ್ರೈಂಡಿಂಗ್ ಮುಗಿದು ಅಂತಿಮ ತಪಾಸಣೆಗೆ ಬಂದಾಗ ಮೊದಲ ಶಾಫ್ಟಿನ ವ್ಯಾಸ 45.01, ಅಡ್ಡ ಅಳತೆ 39.215, ಆಳ 5.795. ಗರಿಷ್ಠ ಮಿತಿ 5.70. ಹನ್ನೆರಡೂ ಮಿತಿ ದಾಟಿದ್ದವು.

ಎರಡು ಸಂಖ್ಯೆ, ಎರಡು ಹಂತ

ತಪ್ಪು ಎಲ್ಲಿ ಎಂದು ಬಿಡಿಸಿ ನೋಡೋಣ. ಅಡ್ಡ ಅಳತೆಯಲ್ಲಿ ಎದುರು ಮೈ ಸೇರಿಕೊಂಡಿದೆ. ಮಿಲ್ಲಿಂಗ್ ಹೊತ್ತಿಗೆ ಆ ಎದುರು ಮೈಯ ಮೇಲೂ ಗ್ರೈಂಡಿಂಗಿಗೆಂದು ಬಿಟ್ಟ ಮೆಟೀರಿಯಲ್ ಇರುತ್ತದೆ. ವ್ಯಾಸದಲ್ಲಿ ಬಿಟ್ಟದ್ದು 0.41 ಎಂದರೆ ನೆತ್ತಿಯ ಕಡೆ ಅರ್ಧ, ಎದುರು ಕಡೆ ಅರ್ಧ, ಒಂದೊಂದು ಕಡೆ 0.205. 39.62ರಲ್ಲಿ ಎದುರು ಕಡೆಯ ಆ 0.205 ಇನ್ನೂ ಕೂತಿದೆ. 45ರಲ್ಲಿ ಅದು ಇಲ್ಲ. ಅದು ಇಲ್ಲದ ಸಂಖ್ಯೆಯಿಂದ ಅದು ಇರುವ ಸಂಖ್ಯೆಯನ್ನು ಕಳೆದಾಗ ಆಳ ಸುಳ್ಳಾಗಿ ಕಡಿಮೆ ತೋರಿತು.

ಸರಿಯಾಗಿ ಲೆಕ್ಕ ಹಾಕಲು ಎರಡು ದಾರಿ, ಎರಡೂ ಒಂದೇ ಕಡೆಗೆ ಬರುತ್ತವೆ. ಈಗಿನ ಆಳ ಬೇಕಿದ್ದರೆ ಈಗಿನ ವ್ಯಾಸವನ್ನು ಅದೇ ಮೈಕ್ರೋಮೀಟರಿನಿಂದ ಅಳೆದು ಅದರಿಂದ ಕಳೆಯಬೇಕು: 45.42 − 39.62 = 5.80. ಗ್ರೈಂಡಿಂಗಿನಲ್ಲಿ ನೆತ್ತಿಯ ಕಡೆ 0.205 ಹೋಗಿ 5.595 ಉಳಿಯುತ್ತದೆ. ಮುಗಿದ ಆಳವನ್ನು ನೇರವಾಗಿ ತಿಳಿಯಬೇಕಿದ್ದರೆ ಮೊದಲು ಅಡ್ಡ ಅಳತೆಯನ್ನು ಮುಗಿದ ಹಂತಕ್ಕೆ ತರಬೇಕು: 39.62 − 0.205 = 39.415. ಅದನ್ನು ಮುಗಿದ ವ್ಯಾಸ 45.01ರಿಂದ ಕಳೆದರೆ ಮತ್ತೆ 5.595. ವ್ಯಾಸ ಮತ್ತು ಅಡ್ಡ ಅಳತೆ ಎರಡೂ ಒಂದೇ ಹಂತದವಾಗಿರಬೇಕು, ಅಷ್ಟೇ ನಿಯಮ. ಮೊದಲ ಸಲ ಹೊಡೆದ 39.62 ಮಿಲ್ಲಿಂಗ್ ಹಂತಕ್ಕೆ ಬೇಕಿದ್ದ ಅಳತೆಯೇ ಆಗಿತ್ತು.

ಡ್ರಾಯಿಂಗಿನ ವ್ಯಾಸದಿಂದ ಕಳೆದಾಗ ಬರುವ ತಪ್ಪು ಎಷ್ಟು ಎಂದರೆ, ಈಗಿನ ಆಳಕ್ಕೆ ಹೋಲಿಸಿದರೆ ಬಿಟ್ಟ ಮೆಟೀರಿಯಲ್ ಪೂರ್ತಿ, ಮುಗಿದ ಆಳಕ್ಕೆ ಹೋಲಿಸಿದರೆ ಅದರ ಅರ್ಧ. ಎರಡೂ ಸಲ ಆಳ ಕಡಿಮೆಯೇ ತೋರುತ್ತದೆ, ಹಾಗಾಗಿ ಈ ತಪ್ಪು ಯಾವಾಗಲೂ ಕೀವೇಯನ್ನು ಹೆಚ್ಚು ಆಳಕ್ಕೇ ತಳ್ಳುತ್ತದೆ. ಕಡಿಮೆ ಆಳವನ್ನು ಮತ್ತೆ ಹೊಡೆದು ಸರಿಮಾಡಬಹುದು, ಹೆಚ್ಚಾದದ್ದನ್ನು ತುಂಬಲಾಗದು. ಈ ತಪ್ಪಿನ ಬಗ್ಗೆ ಇಷ್ಟು ಬರೆಯುವುದಕ್ಕೆ ಕಾರಣ ಅದೇ.

ಮಿಲ್ಲಿಂಗಿಗೆ ಕೊಡಬೇಕಾದ ಹಂತದ ಅಳತೆಯನ್ನು ಹೀಗೆ ಕಟ್ಟಬಹುದು:

```
ಹಂತದ ಅಡ್ಡ ಅಳತೆ = ಮುಗಿದ ವ್ಯಾಸ − ಮುಗಿದ ಆಳ + (ಈಗಿನ ವ್ಯಾಸ − ಮುಗಿದ ವ್ಯಾಸ) / 2
```

ಮುಗಿದ ವ್ಯಾಸ 45.01, ಈಗಿನದು 45.42 ಎಂದಿಟ್ಟುಕೊಂಡರೆ, ಆಳ 5.5ಕ್ಕೆ 39.715, ಆಳ 5.7ಕ್ಕೆ 39.515. ಈ ಎರಡರ ನಡುವೆ ಎಲ್ಲಿದ್ದರೂ ಸಿದ್ಧಾಂತದಲ್ಲಿ ಸರಿ. ಟರ್ನಿಂಗ್ ವ್ಯಾಸ ಶಾಫ್ಟಿನಿಂದ ಶಾಫ್ಟಿಗೆ ಸ್ವಲ್ಪ ಏರುಪೇರಾದರೆ ಅದರ ಅರ್ಧದಷ್ಟು ಮಾತ್ರ ಇಲ್ಲಿಗೆ ಬರುತ್ತದೆ. 45.38 ಬಂದರೂ ವ್ಯತ್ಯಾಸ 0.02, ಅದಕ್ಕಾಗಿ ಪ್ರತಿ ಶಾಫ್ಟಿಗೂ ಹೊಸ ಲೆಕ್ಕ ಬೇಕಿಲ್ಲ. ಅಡ್ಡ ಅಳತೆಯನ್ನು ಹಂತದ ಅಳತೆಯಾಗಿ ಕೊಡುವುದರ ಲಾಭವೂ ಇದೇ: ಮಿಲ್ಲಿಂಗ್ ಹತ್ತಿರ ಯಾರೂ ಏನನ್ನೂ ಕಳೆಯಬೇಕಿಲ್ಲ, ಮೈಕ್ರೋಮೀಟರ್ ಓದಿ ಕಾರ್ಡಿನ ಸಂಖ್ಯೆಗೆ ಹೋಲಿಸಿದರೆ ಸಾಕು.

ಗೊಂದಲ ಬಂದಾಗ ಬೇರೆ ದಾರಿಯಿಂದ ನೋಡುವುದು

ಆಪರೇಟರ್ 5.80 ಇಳಿಸಿದ್ದೇನೆ ಎನ್ನುತ್ತಾರೆ, ಇನ್‌ಸ್ಪೆಕ್ಟರ್ ಲೆಕ್ಕ 5.38 ಎನ್ನುತ್ತದೆ. ನಡುವಿನ ಅಂತರ 0.42. ಇಷ್ಟು ದೊಡ್ಡ ಅಂತರ ಕಟರ್ ಸವೆತದಿಂದಲೋ ಮೆಷಿನ್ ಬ್ಯಾಕ್‌ಲ್ಯಾಶಿನಿಂದಲೋ ಬರುವಂಥದ್ದಲ್ಲ, ಮೇಲಾಗಿ ಅದು ಗ್ರೈಂಡಿಂಗಿಗೆ ಬಿಟ್ಟ ಮೆಟೀರಿಯಲ್ಲಿಗೆ ಹೆಚ್ಚುಕಡಿಮೆ ಸರಿಸಮ. ಅಲ್ಲೇ ಅನುಮಾನ ಬರಬೇಕಿತ್ತು.

ತೀರ್ಮಾನಕ್ಕೆ ಬರಲು ಶಾಫ್ಟನ್ನು ಮೆಷಿನ್ನಿನಿಂದ ಇಳಿಸಬೇಕಾಗಿಯೂ ಇರಲಿಲ್ಲ. ಕೀವೇಯ ಆಚೀಚೆ ಉಳಿದ 10 ಮಿ.ಮೀ. ದುಂಡು ಮೈಯಲ್ಲಿ ನೆತ್ತಿ ಇನ್ನೂ ಇದೆ. ಡಯಲ್ ಇಂಡಿಕೇಟರನ್ನು ಮೆಷಿನ್ ಹೆಡ್ಡಿಗೆ ಕಟ್ಟಿ, ಆ ನೆತ್ತಿಯ ಮೇಲೆ ಟೇಬಲ್ಲನ್ನು ಅಡ್ಡಲಾಗಿ ಆಡಿಸಿ ಅತಿ ಎತ್ತರದ ಬಿಂದುವಿನಲ್ಲಿ ಸೊನ್ನೆ ಮಾಡಬೇಕು. ಆಮೇಲೆ ಟೇಬಲ್ಲನ್ನು ಉದ್ದಕ್ಕೆ ಸರಿಸಿ ಮುಳ್ಳನ್ನು ಕೀವೇ ತಳಕ್ಕೆ ಇಳಿಸಿದರೆ ಎಷ್ಟು ಕೆಳಗೆ ಹೋಯಿತೋ ಅದೇ ಈಗಿನ ಆಳ. 10 ಮಿ.ಮೀ. ಓಡುವ ಡಯಲ್ ಇದ್ದರೆ ಸಾಕು. ಇದರಲ್ಲಿ ವ್ಯಾಸವೂ ಬಾರದು, ಎದುರು ಮೈಯೂ ಬಾರದು. ಡಯಲ್ 5.80 ತೋರಿಸಿದ್ದರೆ 5.38 ಎಂಬ ಸಂಖ್ಯೆ ಅಲ್ಲೇ ಬಿದ್ದುಹೋಗುತ್ತಿತ್ತು. ತುದಿ ತೆರೆದ ಕೀವೇಯಾದರೂ ಇನ್ನೊಂದು ತುದಿಯ ಕಡೆ ದುಂಡು ಮೈ ಇರುವವರೆಗೆ ಇದು ನಡೆಯುತ್ತದೆ.

ಅಡ್ಡ ಅಳತೆ ತೆಗೆಯುವ ಕೈ

ಈ ಪ್ರಕರಣದಲ್ಲಿ ಅಳತೆ ಸರಿಯಿತ್ತು ಎಂದೆವು. ಅದು ತಾನಾಗಿ ಸರಿಬರುವುದಿಲ್ಲ, ಹಾಗಾಗಿ ಹೇಗೆ ತೆಗೆಯಬೇಕು ಎಂದೂ ಹೇಳಬೇಕು.

25ರಿಂದ 50ರ ಮೈಕ್ರೋಮೀಟರ್ ಬೇಕು. ಮೊದಲು 25ರ ಸೆಟ್ಟಿಂಗ್ ರಾಡ್ ಇಟ್ಟು ಸೊನ್ನೆ ನೋಡಿಕೊಳ್ಳಿ. ಸಾಮಾನ್ಯ ಮೈಕ್ರೋಮೀಟರಿನ ಸ್ಪಿಂಡಲ್ ಮುಖ 6.35 ಮಿ.ಮೀ., 14ರ ಕೀವೇಯೊಳಗೆ ಆರಾಮವಾಗಿ ಇಳಿಯುತ್ತದೆ. ಕೀವೇಯ ತಳದ ಮೂಲೆಗಳಲ್ಲಿ ಸಣ್ಣ ರೇಡಿಯಸ್ ಇರುತ್ತದೆ, ಈ ಅಳತೆಯ ಕೀವೇಗೆ 0.25ರಿಂದ 0.40. ಸ್ಪಿಂಡಲ್ ಪಕ್ಕದ ಗೋಡೆಗೆ ಒತ್ತಿಕೊಂಡರೆ ಅದರ ಅಂಚು ಆ ರೇಡಿಯಸ್ಸಿನ ಮೇಲೆ ಹತ್ತಿ ಅಡ್ಡ ಅಳತೆ ಹೆಚ್ಚು ತೋರುತ್ತದೆ. ನಡುವಿನಲ್ಲಿ ಇಳಿಸಿ, ಸ್ಪಿಂಡಲ್ ಮುಖ ತಳಕ್ಕೆ ಚಪ್ಪಟೆಯಾಗಿ ಕೂತಿತೇ ಎಂದು ಕೈಯಿಂದ ಸ್ವಲ್ಪ ಅಲುಗಿಸಿ ನೋಡಿ, ಆಮೇಲೆ ರ‍್ಯಾಚೆಟ್ ತಿರುಗಿಸಿ. ಮೈಕ್ರೋಮೀಟರಿನ ದಿಕ್ಕನ್ನು ಕೀವೇಯ ತಳವೇ ನಿರ್ಧರಿಸಬೇಕು. ಎದುರು ಕಡೆಯ ಚಪ್ಪಟೆ ಮುಖ ದುಂಡು ಮೈಯನ್ನು ಎಲ್ಲಿ ತಾಕಬೇಕೋ ಅಲ್ಲಿ ತಾನೇ ತಾಕುತ್ತದೆ.

ಕೀವೇಯ ತಳಕ್ಕಿಂತ ಎದುರು ಮೈಯೇ ಹೆಚ್ಚು ಮೋಸ ಮಾಡುತ್ತದೆ. ಮಿಲ್ಲಿಂಗಿನಲ್ಲಿ ಶಾಫ್ಟ್ ಯಾವ ಮೈಯ ಮೇಲೆ ಕೂತಿತ್ತೋ ಅದರ ಸುತ್ತಮುತ್ತಲೇ ನಾವು ಅಳೆಯುವುದು. ಕೆಳಗೆ ಒಂದು ಚೂರು ಚಿಪ್ಸ್ ಸಿಕ್ಕಿ ಕ್ಲ್ಯಾಂಪಿನ ಒತ್ತಡಕ್ಕೆ ಶಾಫ್ಟಿನಲ್ಲಿ ಗುಳಿ ಬಿದ್ದಿದ್ದರೆ ಗುಳಿಯ ಸುತ್ತ ಮೆಟೀರಿಯಲ್ ಉಬ್ಬಿರುತ್ತದೆ. ಆ ಉಬ್ಬಿನ ಮೇಲೆ ಮುಖ ಕೂತರೆ ಆಳ ಕಡಿಮೆ ತೋರಿ, ಮತ್ತೆ ಕೆಳಕ್ಕೆ ಹೊಡೆಯುವ ಆಸೆ ಹುಟ್ಟುತ್ತದೆ. ಬೆರಳಿನಿಂದ ಸವರಿ ನೋಡಿ, ಅನುಮಾನವಿದ್ದರೆ ಆಯಿಲ್ ಸ್ಟೋನ್ ಒಂದೆರಡು ಬಾರಿ ಆಡಿಸಿ.

ಅಡ್ಡ ಅಳತೆಯನ್ನು ಕೀವೇಯ ಎರಡೂ ತುದಿಯ ಹತ್ತಿರ ತೆಗೆಯಬೇಕು. ಎರಡರಲ್ಲಿ ವ್ಯತ್ಯಾಸ ಬಂದರೆ ಶಾಫ್ಟ್ ಟೇಬಲ್ಲಿಗೆ ಸಮಾನಾಂತರವಾಗಿ ಕೂತಿರಲಿಲ್ಲ ಎಂದರ್ಥ, ಆಗ ತಳ ಓರೆಯಾಗಿ, ಅದರ ಮೇಲೆ ಕೂತ ಕೀಯೂ ಓರೆಯಾಗುತ್ತದೆ. ವ್ಯಾಸವನ್ನು ಆ 10 ಮಿ.ಮೀ. ದುಂಡು ಮೈಯಲ್ಲಿ ಕೀವೇಯ ದಿಕ್ಕಿನಲ್ಲೇ ಅಳೆಯಿರಿ. ಶಾಫ್ಟ್ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗಿದ್ದರೂ ಆಗ ಎರಡು ಅಳತೆಯೂ ಒಂದೇ ದಿಕ್ಕಿನವಾಗಿರುತ್ತವೆ.

ಕಿರಿದಾದ ಕೀವೇಯಲ್ಲಿ ಸ್ಪಿಂಡಲ್ ಇಳಿಯುವುದಿಲ್ಲ. 17 ಮೀರಿ 22ರವರೆಗಿನ ಶಾಫ್ಟಿಗೆ ಕೀವೇ ಅಗಲ 6 ಮಾತ್ರ. ಆಗ ಬ್ಲೇಡ್ ಮೈಕ್ರೋಮೀಟರ್ ಬೇಕು, ಇಲ್ಲದಿದ್ದರೆ ಎತ್ತರ ತಿಳಿದ ಗ್ರೌಂಡ್ ತುಂಡೊಂದನ್ನು ಕೀವೇಯೊಳಗೆ ಕೂರಿಸಿ, ಅದರ ಮೇಲಿಂದ ಅಳೆದು, ಆ ಎತ್ತರವನ್ನು ಕಳೆಯಬೇಕು. ತುಂಡು ಅಂಚುಗಳಿಗಿಂತ ಮೇಲೆ ಎದ್ದು ನಿಲ್ಲುವಷ್ಟು ಎತ್ತರವಿರಲಿ, ಕೀವೇಯ ಗೋಡೆಗೆ ಬಿಗಿಯಾಗದಷ್ಟು ಸಪೂರವಿರಲಿ, ಕೆಳಗಿನ ಮೂಲೆಗಳನ್ನು ರೇಡಿಯಸ್ಸಿಗೆ ತಾಗದಂತೆ ಚೇಂಫರ್ ಮಾಡಿರಲಿ. ವರ್ನಿಯರಿನ ಚೂಪು ತುದಿಯನ್ನು ತೂರಿಸಿ ಅಳೆಯುವ ರೂಢಿಯೂ ಇದೆ. ತುದಿ ಸ್ವಲ್ಪ ವಾಲಿದರೂ ಅಳತೆ ಬದಲಾಗುವುದರಿಂದ ಮೊದಲ ತಪಾಸಣೆಗೆ ಅದನ್ನು ಬಳಸಬಹುದು, ಮಿತಿಯ ಅಂಚಿನಲ್ಲಿರುವ ಶಾಫ್ಟಿನ ತೀರ್ಪಿಗೆ ಬಳಸಬಾರದು.

ಹನ್ನೆರಡರಲ್ಲಿ ಎರಡು ಏಕೆ ಬೇರೆ ಬಂದವು

ಅಂತಿಮ ತಪಾಸಣೆಯಲ್ಲಿ ಹೆಚ್ಚಿನವು 5.79, 5.80ರ ಆಸುಪಾಸಿನಲ್ಲಿದ್ದರೆ ಒಂದು 5.745, ಇನ್ನೊಂದು 5.845 ಬಂದವು. ಮಿಲ್ಲಿಂಗ್ ಹಂತದಲ್ಲಿ ಈ ಎರಡರ ಅಡ್ಡ ಅಳತೆಯೂ 39.42, ಟರ್ನಿಂಗ್ ವ್ಯಾಸವೂ 45.42.

ಇದಕ್ಕೆ ಕಾರಣ ಹಾರ್ಡನಿಂಗಿನಲ್ಲಿ ಬಂದ ಬಾಗು. ಬಾಗಿದ ಶಾಫ್ಟನ್ನು ಸೆಂಟರ್‌ಗಳ ನಡುವೆ ತಿರುಗಿಸಿದಾಗ ಗೇರ್ ಜಾಗದಲ್ಲಿ ಡಯಲ್ 0.10 ಆಡಿದರೆ, ಅಂದರೆ ರನ್‌ಔಟ್ 0.10 ಇದ್ದರೆ, ಮೈಯ ಕೇಂದ್ರ 0.05 ಪಕ್ಕಕ್ಕೆ ಸರಿದಿದೆ ಎಂದರ್ಥ. ಗ್ರೈಂಡಿಂಗ್ ಚಕ್ರ ಆಗ ಎರಡೂ ಕಡೆ ಸಮವಾಗಿ ತೆಗೆಯುವುದಿಲ್ಲ. ಉಬ್ಬು ಕೀವೇಯ ಕಡೆಗಿದ್ದರೆ ನೆತ್ತಿಯಿಂದ 0.255, ಎದುರು ಮೈಯಿಂದ 0.155 ಹೋಗುತ್ತದೆ. 6.00 ಇದ್ದ ಆಳ 5.745ಕ್ಕೆ ಬರುತ್ತದೆ. ಉಬ್ಬು ಎದುರು ಕಡೆಗಿದ್ದರೆ ನೆತ್ತಿಯಿಂದ 0.155 ಮಾತ್ರ ಹೋಗಿ 5.845 ಉಳಿಯುತ್ತದೆ. ಗ್ರೈಂಡಿಂಗ್ ಮುಂಚೆ ಶಾಫ್ಟನ್ನು ಸೆಂಟರಿನಲ್ಲಿ ಹಾಕಿ ಡಯಲ್ ಆಡಿಸಿ, ಎತ್ತರದ ಬದಿ ಕೀವೇಯ ಕಡೆಗೋ ಎದುರಿಗೋ ಎಂದು ಗುರುತು ಹಾಕಿಕೊಂಡರೆ ಕೊನೆಯ ಆಳ ಎತ್ತ ಹೋಗುತ್ತದೆ ಎಂದು ಮೊದಲೇ ಹೇಳಬಹುದು.

ಹಂತದ ಮಿತಿ ಇಡುವಾಗ ಇದಕ್ಕೂ ಜಾಗ ಬಿಡಬೇಕು. ಲೆಕ್ಕದ ಮಿತಿ 39.515ರಿಂದ 39.715. ಎರಡೂ ಕಡೆಯಿಂದ 0.05 ಒಳಕ್ಕೆ ತಂದು, ಟರ್ನಿಂಗ್ ವ್ಯಾಸ 45.38 ಬಂದಾಗಿನ 0.02ನ್ನೂ ಮೇಲಿನ ಮಿತಿಯಿಂದ ಕಳೆದು, ಕಾರ್ಡಿನಲ್ಲಿ 39.57ರಿಂದ 39.64 ಎಂದು ಬರೆದರೆ 0.10ರವರೆಗಿನ ರನ್‌ಔಟನ್ನು ಅದು ತಾಳುತ್ತದೆ. ಒಳ್ಳೆಯ ಮಿಲ್ಲಿಂಗ್ ಮೆಷಿನ್ನಿಗೆ 0.07ರ ಈ ಕಿಟಕಿ ಕಷ್ಟದ್ದಲ್ಲ. ರನ್‌ಔಟ್ ಅದಕ್ಕಿಂತ ಹೆಚ್ಚಿದ್ದರೆ ಶಾಫ್ಟನ್ನು ನೇರ ಮಾಡಿಯೇ ಗ್ರೈಂಡಿಂಗಿಗೆ ಕೊಡಬೇಕು, ಅದು ಕೀವೇಯ ಮಟ್ಟಿಗೆ ಮಾತ್ರ ಅಲ್ಲ.

ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಅಡ್ಡ ಅಳತೆ ಆಳವನ್ನು ಮಾತ್ರ ಹೇಳುತ್ತದೆ, ಕೀವೇ ಶಾಫ್ಟಿನ ನಡುವಿನಲ್ಲಿದೆಯೇ ಎಂದು ಹೇಳುವುದಿಲ್ಲ. ಕಟರ್ 0.3 ಪಕ್ಕಕ್ಕೆ ಸರಿದು ಹೊಡೆದಿದ್ದರೂ ತಳ ಅದೇ ಎತ್ತರದಲ್ಲಿ ಇರುತ್ತದೆ, ಎದುರು ಮೈಯೂ ಅಲ್ಲೇ ಇರುತ್ತದೆ, ಓದು ಒಂದಿಷ್ಟೂ ಬದಲಾಗದು. ಆಳ ಸರಿಬಂತೆಂದು ಕೀವೇಯೇ ಸರಿ ಎಂದು ಸಹಿ ಹಾಕಬಾರದು. ನಡುವನ್ನು ವಿ ಬ್ಲಾಕಿನ ಮೇಲೆ, ಕೀವೇಗೆ ಬಿಗಿಯಾದ ತುಂಡು ಹಾಕಿ, ಎರಡೂ ಬದಿಗೆ ತಿರುಗಿಸಿ ಡಯಲ್ಲಿನಿಂದ ಬೇರೆಯಾಗಿ ನೋಡಬೇಕು.

ಹನ್ನೆರಡು ಶಾಫ್ಟ್‌ಗಳಿಗೆ ಏನಾಯಿತು

5.795 ಆಳದಲ್ಲಿ 9 ಎತ್ತರದ ಕೀ ಕೂರಿಸಿದರೆ ಹೊರಗೆ ಕಾಣುವುದು 3.205. ಡ್ರಾಯಿಂಗಿನ ಗರಿಷ್ಠ ಆಳ 5.70ರಲ್ಲಿ 3.30 ಕಾಣುತ್ತಿತ್ತು. ಗೇರಿನ ಹಬ್ಬಿನ ಗೋಡೆಗೆ ಕೀ ಒರಗುವ ಎತ್ತರ ಅಷ್ಟು ಕಡಿಮೆಯಾಯಿತು, ನೂರಕ್ಕೆ ಸುಮಾರು ಮೂರು ಪಾಲು. ಕೀಯ ಮೇಲೆ ಹಬ್ಬಿನೊಳಗಿನ ಖಾಲಿ ಜಾಗ ಹೆಚ್ಚೆಂದರೆ 0.7 ಇರಬೇಕಾದದ್ದು ಸುಮಾರು 0.8ರವರೆಗೆ ಹೋಗಬಹುದು. ಪ್ಯಾರಲಲ್ ಕೀ ಬಲ ಕೊಡುವುದು ಬದಿಗಳಿಂದ, ಮೇಲಿನ ಜಾಗದಿಂದ ಅಲ್ಲ. ಹಾಗಾಗಿ ಇದು ತಕ್ಷಣ ಮುರಿಯುವ ಸಂಗತಿಯಲ್ಲ. ಆದರೆ ಕಬ್ಬಿನ ಗಾಣದಲ್ಲಿ ಹೊರೆ ಸಮವಾಗಿ ಬರುವುದಿಲ್ಲ, ದಪ್ಪ ಕಂತೆ ಸಿಕ್ಕಿದಾಗ ಏಟು ಬಿದ್ದಂತೆ ಬರುತ್ತದೆ. ಸಾಕೋ ಸಾಲದೋ ಎಂದು ತೀರ್ಮಾನಿಸುವ ಹಕ್ಕು ಡಿಸೈನ್ ಮಾಡಿದವರದು, ಶಾಪಿನದಲ್ಲ.

ಕೀಯ ಕೆಳಗೆ ತೆಳು ಹಿತ್ತಾಳೆ ತಗಡು ಹಾಕಿ ಎತ್ತರ ಮಾಡಿ ಕಳಿಸೋಣ ಎಂಬ ಸಲಹೆ ಇಂಥ ಹೊತ್ತಿನಲ್ಲಿ ಬಂದೇ ಬರುತ್ತದೆ. ಅದನ್ನು ಒಪ್ಪಲೇಬಾರದು. ಏಟಿನ ಹೊರೆಗೆ ತಗಡು ನಜ್ಜಿ ಜಾರಿ ಹೊರಬರುತ್ತದೆ, ಕೀ ಅಲುಗಾಡಲು ಶುರುವಾಗುತ್ತದೆ, ಆಮೇಲೆ ಕೀವೇಯ ಗೋಡೆಗಳೇ ಹಾಳಾಗುತ್ತವೆ. ವೆಲ್ಡ್ ತುಂಬಿ ಮತ್ತೆ ಹೊಡೆಯುವುದೂ ಇಲ್ಲಿ ಆಗದು, ಗಟ್ಟಿ ಮಾಡಿದ ಶಾಫ್ಟಿನಲ್ಲಿ ವೆಲ್ಡಿನ ಪಕ್ಕ ಬಿರುಕು ಹುಟ್ಟುವ ಅಪಾಯವಿದೆ.

ಪ್ರತಿ ಶಾಫ್ಟಿಗೂ ನಂಬರ್ ಹೊಡೆದು, ವ್ಯಾಸ, ಎರಡು ತುದಿಯ ಅಡ್ಡ ಅಳತೆ ಮತ್ತು ಆಳವನ್ನು ಪಟ್ಟಿ ಮಾಡಿ ಗಿರಾಕಿಗೆ ಕಳಿಸಿದರು. ಗಿರಾಕಿಯ ಕಡೆಯವರು ತಮ್ಮ ಹಬ್ಬುಗಳ ಆಳ ಅಳೆದು, ಎಲ್ಲವೂ 3.8ರ ಹತ್ತಿರವೇ ಇವೆ, ಮೇಲಿನ ಜಾಗ 0.65 ಮೀರುವುದಿಲ್ಲ ಎಂದು ಖಚಿತ ಮಾಡಿಕೊಂಡು, ಕೀಯ ಬದಿಯ ಒತ್ತಡದ ಲೆಕ್ಕವನ್ನು 3.1 ಎತ್ತರಕ್ಕೆ ಮತ್ತೆ ಹಾಕಿ, ಈ 12ಕ್ಕೆ ಮಾತ್ರ ಲಿಖಿತ ಒಪ್ಪಿಗೆ ಕೊಟ್ಟರು. ಶಾಪಿನ ರೂಟ್ ಕಾರ್ಡಿನಲ್ಲಿ ಮಿಲ್ಲಿಂಗ್ ಸಾಲಿನಿಂದ 5.5 ಅಳಿಸಿ, ಅಡ್ಡ ಅಳತೆ 39.57ರಿಂದ 39.64, ಟರ್ನಿಂಗ್ ವ್ಯಾಸ 45.38ರಿಂದ 45.42 ಎಂದು ಬರೆಯಲಾಯಿತು. ಡ್ರಾಯಿಂಗಿನ 5.5 ಈಗ ಗ್ರೈಂಡಿಂಗ್ ನಂತರದ ತಪಾಸಣೆಯ ಸಾಲಿನಲ್ಲಿದೆ, ಅದರ ಪಕ್ಕದಲ್ಲಿ ಅಳೆದ ವ್ಯಾಸವನ್ನು ಬರೆಯಲು ಒಂದು ಖಾಲಿ ಚೌಕವಿದೆ.